ಡಿಕ್ಲರೇಷನ್ ಆಗುವವರೆಗೆ ಸುಮ್ಮನಿರು ಎನ್ನುವ ಕಚೇರಿಗಳ ಬಗ್ಗೆ: ಚಿತ್ರದುರ್ಗ ಜಿಲ್ಲೆಯ ನೇಮಕಾತಿ ಪ್ರಾಧಿಕಾರಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ ಮತ್ತು ಜಿಲ್ಲೆಯ ಎಲ್ಲ ಇಲಾಖೆಗಳ ಮುಖ್ಯಸ್ಥರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನನ್ನ ಸೇವೆಯ ಬಹುಭಾಗ ಸಿಬ್ಬಂದಿ ಶಾಖೆಗಳಲ್ಲೇ ಕಳೆಯಿತು. ಹೊಸಬರ ಸೇವಾ ಪುಸ್ತಕ ತೆರೆಯುವುದು, ಎರಡು ವರ್ಷ ಆದ ಮೇಲೆ ಅವರ ಪ್ರೊಬೇಷನ್, ಅಂದರೆ ಪರೀಕ್ಷಾರ್ಥ ಸೇವೆ, ತೃಪ್ತಿಕರವಾಗಿ ಮುಗಿದಿದೆ ಎಂಬ ಘೋಷಣೆಯ ಕಡತ ಮಂಡಿಸುವುದು ನನ್ನ ಮೇಜಿನ ಕೆಲಸವಾಗಿತ್ತು. ಆ ಘೋಷಣೆಯನ್ನೇ ಕಚೇರಿಗಳಲ್ಲಿ ಡಿಕ್ಲರೇಷನ್ ಎನ್ನುತ್ತಾರೆ. ಈಗ ನಿವೃತ್ತನಾಗಿ ಚಿತ್ರದುರ್ಗದಲ್ಲೇ ಇದ್ದೇನೆ. ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳು ಆಗಾಗ ಮನೆಗೆ ಬಂದು ನಿಯಮ ಕೇಳಿಕೊಂಡು ಹೋಗುತ್ತಾರೆ. ಅವರಲ್ಲಿ ಹೆಚ್ಚಿನವರು ಕೇಳುವುದು ಒಂದೇ: "ಸರ್, ಕಡತದಲ್ಲಿ ಹೀಗೆ ಬರೆದ್ರೆ ನನ್ನ ಡಿಕ್ಲರೇಷನ್‌ಗೆ ತೊಂದ್ರೆ ಆಗುತ್ತಾ?" ಬರೆಯಬೇಕೆಂದಿರುವ ವಿಷಯ ಸರಿಯೋ ತಪ್ಪೋ ಎಂಬುದನ್ನು ಅವರು ಕೇಳುವುದೇ ಇಲ್ಲ. ಅದಕ್ಕಾಗಿ ಈ ಪತ್ರ.

ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಮೂರು ನಾಲ್ಕು ವರ್ಷ ಸೇವೆಯಾದ ಯಾರಾದರೂ ಒಬ್ಬ ದ್ವಿತೀಯ ದರ್ಜೆ ಸಹಾಯಕರ ಟಿಪ್ಪಣಿಗಳನ್ನು ತರಿಸಿ, ಘೋಷಣೆಯ ಆದೇಶಕ್ಕೆ ಮೊದಲು ಬರೆದವನ್ನು ಒಂದು ಕಡೆ, ನಂತರ ಬರೆದವನ್ನು ಇನ್ನೊಂದು ಕಡೆ ಇಟ್ಟು ಓದಿ. ಮೊದಲಿನವು ಬಹುಪಾಲು ಒಂದೇ ಅಚ್ಚಿನಲ್ಲಿರುತ್ತವೆ: "ಪರಿಶೀಲಿಸಲಾಗಿದೆ, ಕ್ರಮಬದ್ಧವಾಗಿರುತ್ತದೆ, ಅನುಮೋದನೆ ಕೋರಿ ಸಲ್ಲಿಸಿದೆ." ನಂತರದವುಗಳಲ್ಲಿ ಆ ಕೈಯೇ ಬೇರೆ ಎನಿಸುತ್ತದೆ. "ಇಂತಹ ದಾಖಲೆ ಲಗತ್ತಿಸಿಲ್ಲ", "ಹಿಂದಿನ ಬಿಲ್ಲಿನ ದರಕ್ಕೂ ಈ ದರಕ್ಕೂ ವ್ಯತ್ಯಾಸವಿದೆ", "ಸ್ಪಷ್ಟೀಕರಣ ಪಡೆಯಬಹುದು" ಎಂಬ ಮಾತುಗಳು ಕಾಣಿಸಿಕೊಳ್ಳುತ್ತವೆ. ಎರಡು ವರ್ಷದಲ್ಲಿ ಅನುಭವ ಬಂತು, ಅದಕ್ಕೇ ಬರೆಯುತ್ತಿದ್ದಾರೆ ಎನ್ನಬಹುದು. ಸ್ವಲ್ಪ ಮಟ್ಟಿಗೆ ನಿಜ. ಆದರೆ ಆ ಬದಲಾವಣೆ ಆದೇಶ ಕೈಗೆ ಬಂದ ಒಂದೆರಡು ತಿಂಗಳೊಳಗೇ ಆಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅನುಭವ ಅಷ್ಟು ಬೇಗ ಬರುವುದಿಲ್ಲ. ಅಲ್ಲಿ ಹೋಗಿರುವುದು ಭಯ.

ಆ ಭಯದಿಂದ ಏನಾಗುತ್ತದೆ ಎಂಬುದನ್ನು ಒಂದು ಕಡತದ ಮೂಲಕವೇ ಹೇಳುತ್ತೇನೆ. ಸಂಬಂಧಪಟ್ಟವಳ ಒಪ್ಪಿಗೆ ಪಡೆದಿದ್ದೇನೆ. ಊರು, ಕಚೇರಿ, ವರ್ಷ ಹೇಳುವುದಿಲ್ಲ.

ನಮ್ಮ ಭಾಗದಲ್ಲಿ ಮಳೆ ಕೈಕೊಟ್ಟ ವರ್ಷ ಟ್ಯಾಂಕರ್ ನೀರಿನ ಬಿಲ್ಲುಗಳು ಕಚೇರಿಗೆ ರಾಶಿ ಬೀಳುತ್ತವೆ. ಅಂಥದ್ದೊಂದು ಬೇಸಿಗೆಯಲ್ಲಿ, ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಗಿದ್ದ ಹುಡುಗಿಯೊಬ್ಬಳ ಮೇಜಿಗೆ ಒಂದು ಹಳ್ಳಿಯ ಬಿಲ್ಲು ಬಂತು. ಐದು ಸಾವಿರ ಲೀಟರಿನ ಒಂದು ಟ್ರ್ಯಾಕ್ಟರ್ ಟ್ಯಾಂಕರ್, ದಿನಕ್ಕೆ 9 ಟ್ರಿಪ್, 28 ದಿನ, ಟ್ರಿಪ್ಪಿಗೆ 700 ರೂಪಾಯಿ. ಒಟ್ಟು 1,76,400 ರೂಪಾಯಿ. ಲಾಗ್ ಪುಸ್ತಕ ಇತ್ತು, ಊರಿನವರ ಸಹಿ ಇತ್ತು, ಮೊಹರು ಇತ್ತು. ಕಾಗದದ ಮೇಲೆ ಕೊರತೆ ಏನೂ ಇರಲಿಲ್ಲ.

ಅವಳು ರೈತರ ಮನೆಯ ಹುಡುಗಿ. ನೀರು ತುಂಬಿಸುತ್ತಿದ್ದದ್ದು ಏಳು ಕಿಲೋಮೀಟರ್ ದೂರದ ಖಾಸಗಿ ತೋಟದ ಕೊಳವೆಬಾವಿಯಿಂದ ಎಂಬುದನ್ನು ಕಡತದಲ್ಲಿ ನೋಡಿದ ಕೂಡಲೇ ಅವಳಿಗೆ ಕರೆಂಟಿನ ನೆನಪಾಯಿತು. ತೋಟದ ಪಂಪ್‌ಸೆಟ್‌ಗೆ ತ್ರೀ ಫೇಸ್ ಸಿಗುವುದು ಹಗಲು ರಾತ್ರಿ ಸರದಿ ಸೇರಿ ಏಳು ಗಂಟೆ. ಅಪ್ಪ ರಾತ್ರಿ ಟಾರ್ಚ್ ಹಿಡಿದು ಮೋಟರ್ ಹಾಕಲು ಹೋಗುತ್ತಿದ್ದುದನ್ನು ನೋಡುತ್ತ ಬೆಳೆದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ತನ್ನ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದಳು. ಟ್ಯಾಂಕ್ ತುಂಬಲು 25 ನಿಮಿಷ, ತುಂಬಿದ ಗಾಡಿ ಮಣ್ಣಿನ ರಸ್ತೆಯಲ್ಲಿ ಹಳ್ಳಿ ಸೇರಲು ಅರ್ಧ ಗಂಟೆ, ಖಾಲಿ ಮಾಡಲು ಕಾಲು ಗಂಟೆ, ವಾಪಸ್ ಬರಲು 20 ನಿಮಿಷ. ಒಂದು ಸುತ್ತಿಗೆ ಒಂದೂವರೆ ಗಂಟೆ. ಕರೆಂಟ್ ಇರುವ ಏಳು ಗಂಟೆಯಲ್ಲಿ ಒಂದು ಗಾಡಿ ಬಾವಿಯ ಬಳಿ ಬಂದು ತುಂಬಿಸಿಕೊಂಡು ಹೋಗಲು ಸಾಧ್ಯವಿದ್ದದ್ದು ಹೆಚ್ಚೆಂದರೆ 5 ಸಲ. ಕರೆಂಟಿನ ಮಾತು ಬಿಟ್ಟರೂ 9 ಟ್ರಿಪ್ಪಿಗೆ ಹದಿಮೂರೂವರೆ ಗಂಟೆ ಬೇಕು, ಅದೂ ಡ್ರೈವರ್ ಊಟಕ್ಕೂ ಇಳಿಯದೆ, ಒಂದು ದಿನವೂ ತಪ್ಪದೆ. ದಿನಕ್ಕೆ ಐದರಂತೆ ಲೆಕ್ಕ ಹಾಕಿದರೆ ಬಿಲ್ಲು 98,000 ರೂಪಾಯಿ ಆಗಬೇಕು. ವ್ಯತ್ಯಾಸ 78,400 ರೂಪಾಯಿ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಇಷ್ಟರಿಂದಲೇ ಬಿಲ್ಲು ಸುಳ್ಳು ಎಂದು ಯಾರೂ ಹೇಳಲಾಗದು. ಬಾವಿಯ ಬಳಿ ದೊಡ್ಡ ತೊಟ್ಟಿ ಇದ್ದು, ಕರೆಂಟ್ ಇದ್ದಾಗ ತುಂಬಿಸಿಟ್ಟಿರಬಹುದು. ಇನ್ನೊಂದು ಟ್ರ್ಯಾಕ್ಟರ್ ಓಡಿದ್ದು ಅದರ ನಂಬರ್ ಬರೆಯುವುದು ಬಿಟ್ಟುಹೋಗಿರಬಹುದು. ಜನರೇಟರ್ ಇಟ್ಟಿರಬಹುದು. ಹಾಗಾಗಿ ಅವಳು ಕೇಳಬೇಕಾಗಿದ್ದು ಬಹಳ ಸಣ್ಣ ಪ್ರಶ್ನೆ, ಉತ್ತರ ಸಿಕ್ಕರೆ ಅರ್ಧ ದಿನದಲ್ಲಿ ಮುಗಿಯುವಂಥದ್ದು.

ಅವಳು ಕೇಳಿದಳು. ಬಾಯಿಮಾತಿನಲ್ಲಿ. ಮೇಲಿನವರು ಸಿಟ್ಟು ಮಾಡಲಿಲ್ಲ, ಗದರಲಿಲ್ಲ. ಮಗಳಿಗೆ ಹೇಳುವಂತೆ ಹೇಳಿದರಂತೆ: "ನೋಡಮ್ಮಾ, ನಿನ್ ಡಿಕ್ಲರೇಷನ್ ಇನ್ನೂ ಆಗಿಲ್ಲ ಅಲ್ವಾ? ಮೊದ್ಲು ಅದೊಂದು ಆಗ್ಲಿ. ಆಮೇಲೆ ಬೇಕಾದ್ದು ಬರಿಯುವಂತೆ." ಇ-ಆಫೀಸ್‌ನಲ್ಲಿ ಟಿಪ್ಪಣಿ ಹಳದಿ ಇರುವವರೆಗೆ ತಿದ್ದಬಹುದು, ಅಳಿಸಬಹುದು, ಹಸಿರಾದ ಮೇಲೆ ಅದು ಕಡತದಲ್ಲಿ ಉಳಿದೇ ಉಳಿಯುತ್ತದೆ. ಅವಳ ಪ್ರಶ್ನೆ ಹಳದಿಯಲ್ಲೇ ಅಳಿಯಿತು. ಹಸಿರಾಗಿ ಹೋದದ್ದು "ಪರಿಶೀಲಿಸಲಾಗಿದೆ, ಕ್ರಮಬದ್ಧವಾಗಿರುತ್ತದೆ" ಎಂಬ ಸಾಲು, ಅವಳ ಹೆಸರಿನಲ್ಲಿ.

ಮುಂದೆ ಲೆಕ್ಕಪರಿಶೋಧನೆಯಲ್ಲಿ ಅದೇ ಟ್ರಿಪ್ಪುಗಳ ಬಗ್ಗೆ ಆಕ್ಷೇಪಣೆ ಬಂತು. ಕಡತದ ಮೊದಲ ಟಿಪ್ಪಣಿ ಯಾರದೋ ಅವರಿಗೇ ಮೊದಲ ನೋಟಿಸ್. ಪರಿಶೀಲಿಸಿದೆ ಎಂದು ಬರೆದವರು ಏನನ್ನು ಪರಿಶೀಲಿಸಿದಿರಿ ಎಂದು ವಿವರಣೆ ಕೇಳಲಾಯಿತು. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಸಾಕ್ಷಿ ಏನಿದೆ? ಅಷ್ಟರಲ್ಲಿ ಅವಳ ಎರಡು ವರ್ಷ ಮುಗಿದಿತ್ತು. ವಿವರಣೆ ಬಾಕಿ ಇದೆ ಎಂಬ ಕಾರಣಕ್ಕೆ ಘೋಷಣೆಯ ಕಡತವೂ ನಿಂತಿತು. ಯಾವುದನ್ನು ಕಾಪಾಡಿಕೊಳ್ಳಲು ಸುಮ್ಮನಾಗಿದ್ದಳೋ ಆ ಮೌನದಿಂದಲೇ ಅದು ತಡವಾಯಿತು. ಉತ್ತರ ಬರೆಯಲು ಸಹಾಯ ಕೇಳಿಕೊಂಡು ನನ್ನ ಬಳಿ ಬಂದಾಗ ಆ ನೋಟ್‌ಬುಕ್ ತಂದಿದ್ದಳು. ಲೆಕ್ಕ ಅಷ್ಟು ಅಚ್ಚುಕಟ್ಟಾಗಿತ್ತು. ಆ ಹಾಳೆ ಕಡತದಲ್ಲಿ ಇರಬೇಕಾಗಿತ್ತು, ಅವಳ ಚೀಲದಲ್ಲಿ ಅಲ್ಲ. ಆ ದಿನ ನನಗೆ ಬಂದ ಸಂಕಟ ಇನ್ನೂ ಹೋಗಿಲ್ಲ.

ಈಗ ನಿಯಮ ಏನು ಹೇಳುತ್ತದೆ ನೋಡೋಣ. ಹೊಸಬರ ಭಯ ಹುಟ್ಟುವುದು ನಿಯಮದಿಂದಲ್ಲ, ನಿಯಮ ಗೊತ್ತಿಲ್ಲದಿರುವುದರಿಂದ. ನಮಗೆ ಅನ್ವಯಿಸುವುದು ಕರ್ನಾಟಕ ಸಿವಿಲ್ ಸೇವೆಗಳ 1977ರ ಪ್ರೊಬೇಷನ್ ನಿಯಮಗಳು. ಅವಧಿ ಎರಡು ವರ್ಷಕ್ಕೆ ಕಡಿಮೆ ಇಲ್ಲ. ಅವಧಿ ವಿಸ್ತರಿಸಬೇಕಾದರೆ ಕಾರಣ ಬರೆದಿಡಬೇಕು, ಸರ್ಕಾರವಲ್ಲದ ನೇಮಕಾತಿ ಪ್ರಾಧಿಕಾರ ಮೂಲ ಅವಧಿಯ ಅರ್ಧಕ್ಕಿಂತ ಹೆಚ್ಚು ವಿಸ್ತರಿಸುವಂತಿಲ್ಲ. ಹುದ್ದೆಗೆ ತಕ್ಕವರಲ್ಲ ಎಂದು ಬಿಡುಗಡೆ ಮಾಡಬಹುದು, ಅದಕ್ಕೆ ಪೂರ್ಣ ಇಲಾಖಾ ವಿಚಾರಣೆ ಬೇಕಿಲ್ಲ. ಆದರೆ ಆ ಆದೇಶದಲ್ಲಿ ಕಾರಣ ಕಾಣಿಸಬೇಕು, ಮತ್ತು ಸರ್ಕಾರವೇ ಹೊರಡಿಸಿದ ಆದೇಶವಲ್ಲದಿದ್ದರೆ, ಮೇಲಿನ ಪ್ರಾಧಿಕಾರ ದೃಢೀಕರಿಸುವವರೆಗೆ ಅದು ಜಾರಿಯಾಗುವಂತಿಲ್ಲ. ಶಾಖೆಯ ಮುಖ್ಯಸ್ಥರೊಬ್ಬರಿಗೆ ಬೇಜಾರಾದ ಮಾತ್ರಕ್ಕೆ ಯಾರನ್ನೂ ಮನೆಗೆ ಕಳಿಸಲಾಗದು ಎಂದರ್ಥ. ಈ ಮಾತನ್ನು ಕೆಲಸಕ್ಕೆ ಸೇರಿದ ದಿನ ಹೊಸಬರಿಗೆ ಯಾರೂ ಹೇಳುವುದಿಲ್ಲ.

ಸುಪ್ರೀಂ ಕೋರ್ಟೂ ಈ ವಿಷಯದಲ್ಲಿ ಕಣ್ಣು ಮುಚ್ಚಿ ಕೂತಿಲ್ಲ. ಶಂಶೇರ್ ಸಿಂಗ್ ಪ್ರಕರಣದಲ್ಲಿ, ಪಂಜಾಬಿನ ನ್ಯಾಯಾಂಗ ಸೇವೆಯಲ್ಲಿ ಪ್ರೊಬೇಷನ್‌ನಲ್ಲಿದ್ದ ಇಬ್ಬರ ವಿಚಾರದಲ್ಲಿ, 1974ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಆದೇಶದ ಮೇಲುಮಾತನ್ನಷ್ಟೇ ನೋಡದೆ ಅದರ ಹಿಂದಿನ ನಿಜವಾದ ಕಾರಣವನ್ನು ನೋಡಿತು. ದುರ್ನಡತೆಯ ಆರೋಪವೇ ಬುಡದಲ್ಲಿದ್ದರೆ, ವಿಚಾರಣೆ ನಡೆಸದೆ "ತಕ್ಕವರಲ್ಲ" ಎಂಬ ಸರಳ ಮಾತಿನಲ್ಲಿ ಮುಗಿಸುವಂತಿಲ್ಲ. ನನಗೆ ಇನ್ನೂ ಮುಖ್ಯವೆನಿಸುವುದು 1989ರ ಡಾ. ಸುಮತಿ ಶೇರೆ ಪ್ರಕರಣ. ರೈಲ್ವೆಯಲ್ಲಿ ತಾತ್ಕಾಲಿಕವಾಗಿ ನೇಮಕವಾಗಿದ್ದ ವೈದ್ಯೆಯನ್ನು ಕೆಲಸ ತೃಪ್ತಿಕರವಲ್ಲ ಎಂದು ತೆಗೆದಿದ್ದರು. ಕೊರತೆ ಇದ್ದರೆ ಮುಂಚೆಯೇ ತಿಳಿಸಬೇಕು, ತಿದ್ದಿಕೊಳ್ಳಲು ಅವಕಾಶ ಕೊಡಬೇಕು, ಏನೂ ಹೇಳದೆ ಕೊನೆಗೊಂದು ದಿನ ತೆಗೆಯುವುದು ಸರಿಯಲ್ಲ ಎಂದು ನ್ಯಾಯಾಲಯ ಹೇಳಿತು.

ಇಷ್ಟೆಲ್ಲ ರಕ್ಷಣೆ ಇದ್ದೂ ಭಯ ಏಕೆ? ನಾನು ನೋಡಿದಂತೆ, ಹೊಸಬರು ನಿಜವಾಗಿ ಹೆದರುವುದು ಕೆಲಸ ಹೋಗುವುದಕ್ಕಲ್ಲ, ಕಡತ ನಿಲ್ಲುವುದಕ್ಕೆ. ಅದೇ 1977ರ ನಿಯಮಗಳ ಪ್ರಕಾರ, ಎರಡು ವರ್ಷ ಮುಗಿದ ಮಾತ್ರಕ್ಕೆ ಪ್ರೊಬೇಷನ್ ಮುಗಿದಂತಲ್ಲ. ಪ್ರತ್ಯೇಕ ಆದೇಶ ಬೇಕೇ ಬೇಕು, ಆದೇಶ ತಡವಾಯಿತೆಂದು ತಾನಾಗಿ ಖಾಯಂ ಆದಂತೆಯೂ ಅಲ್ಲ. ಅವಧಿಯೊಳಗೆ ಬರುವ ವಾರ್ಷಿಕ ವೇತನ ಬಡ್ತಿ ಸಿಗುತ್ತದೆ, ಅವಧಿ ಮುಗಿದ ಮೇಲಿನದು ಘೋಷಣೆಯಾಗುವವರೆಗೆ ನಿಲ್ಲುತ್ತದೆ. ಹೀಗಾಗಿ ಯಾರೂ ಯಾವ ಕೆಟ್ಟ ಆದೇಶಕ್ಕೂ ಸಹಿ ಹಾಕಬೇಕಾಗಿಲ್ಲ. ಕಡತವನ್ನು ಮೇಜಿನ ಒಂದು ಪಕ್ಕಕ್ಕೆ ಸರಿಸಿಟ್ಟರೆ ಸಾಕು. ಅದಕ್ಕೆ ಕಾರಣ ಬರೆಯಬೇಕಿಲ್ಲ, ಮೇಲ್ಮನವಿಯೂ ಇಲ್ಲ. ಇತ್ತ ಮನೆಯಲ್ಲಿ "ಪರ್ಮನೆಂಟ್ ಆಯ್ತಾ" ಎಂದು ದಿನವೂ ಕೇಳುತ್ತಾರೆ. ಸಂಬಂಧ ನೋಡಲು ಬಂದವರೂ ಅದನ್ನೇ ಕೇಳುತ್ತಾರೆ. ಸಾಲ ಮಾಡಿ ಓದಿಸಿದ ಅಪ್ಪ ಅಮ್ಮನಿಗೆ ಏನು ಹೇಳುವುದು?

ಇಲ್ಲಿ ನಾನು ಒಳಗಿನವನಾಗಿ ಒಂದು ಸತ್ಯ ಹೇಳಬೇಕು. ನನ್ನ ಮೇಜಿನಲ್ಲಿ ನಿಂತ ಘೋಷಣೆಯ ಕಡತಗಳಲ್ಲಿ ಬಹುಪಾಲು ನಿಂತದ್ದು ಅಭಿಪ್ರಾಯಭೇದದಿಂದಲ್ಲ, ಕಾಗದದಿಂದ. ಜಾತಿ ಪ್ರಮಾಣಪತ್ರದ ಸಿಂಧುತ್ವ ಬಂದಿರುವುದಿಲ್ಲ. ಪೊಲೀಸ್ ಪರಿಶೀಲನಾ ವರದಿ ಬೇರೆ ಜಿಲ್ಲೆಯಿಂದ ಬರಬೇಕು. ಅಂಕಪಟ್ಟಿಯ ನೈಜತೆಯ ಬಗ್ಗೆ ಮಂಡಳಿಯಿಂದ ಉತ್ತರ ಬಂದಿರುವುದಿಲ್ಲ. ಇಲಾಖಾ ಪರೀಕ್ಷೆಯಲ್ಲಿ ಒಂದು ಪತ್ರಿಕೆ ಉಳಿದಿರುತ್ತದೆ, ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಆಗಿರುವುದಿಲ್ಲ. ಆದರೆ ಏನು ಬಾಕಿ ಇದೆ ಎಂದು ನೌಕರರಿಗೆ ತಿಳಿಸುವ ಪದ್ಧತಿ ಎಷ್ಟೋ ಕಚೇರಿಗಳಲ್ಲಿ ಇಲ್ಲ. ಆಗ ಅವರು ತಾವೇ ಕಾರಣ ಹುಡುಕುತ್ತಾರೆ: ಹೋದ ತಿಂಗಳು ಆ ಬಿಲ್ಲಿನ ಬಗ್ಗೆ ಮಾತಾಡಿದ್ದಕ್ಕೇ ಇರಬೇಕು. ಪಕ್ಕದ ಮೇಜಿನವರು ಅದನ್ನೇ ನಂಬುತ್ತಾರೆ. ಹೀಗೆ ಪೊಲೀಸ್ ವರದಿ ಬಾರದೆ ನಿಂತ ಒಂದು ಕಡತ ಇಡೀ ಕಚೇರಿಯ ಹೊಸಬರ ಬಾಯಿ ಕಟ್ಟುತ್ತದೆ. ಇನ್ನು ಬೆರಳೆಣಿಕೆಯ ಕೆಲವರು ಈ ಗೊಂದಲವನ್ನು ಬೇಕೆಂದೇ ಬಳಸಿಕೊಳ್ಳುತ್ತಾರೆ. ಅವರಿಗೆ ನಿಯಮದ ಬಲವಿಲ್ಲ. ಹೊಸಬರಿಗೆ ಗೊತ್ತಿಲ್ಲ ಎಂಬುದೇ ಅವರ ಬಲ.

ಎಲ್ಲ ತಕರಾರೂ ಸರಿ ಎಂದು ನಾನು ವಾದಿಸುತ್ತಿಲ್ಲ. ಪ್ರತಿ ಕಡತದಲ್ಲೂ ಅನುಮಾನ ಎತ್ತಿ ಕೆಲಸ ನಿಲ್ಲಿಸುವವರೂ ಇದ್ದಾರೆ, ಗೈರುಹಾಜರಿ ಬಚ್ಚಿಡಲು ಪ್ರಾಮಾಣಿಕತೆಯ ಮಾತಾಡುವವರೂ ಇದ್ದಾರೆ. ಪ್ರೊಬೇಷನ್ ಇರುವುದೇ ಅಂಥವರನ್ನು ಗುರುತಿಸಲು, ಅದು ಇರಲೇಬೇಕು. ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ಕೆಲಸ ಬಲ್ಲವರ ಪ್ರಶ್ನೆ ಒಂದು ಸಂಗತಿಯನ್ನು ಹಿಡಿದು ಕೇಳುತ್ತದೆ, ಯಾರನ್ನೂ ದೂರುವುದಿಲ್ಲ, ಮುಂದೇನು ಮಾಡಬಹುದೆಂದೂ ಹೇಳುತ್ತದೆ. ಆ ಹುಡುಗಿ ಬರೆಯಬೇಕಾಗಿದ್ದ ಟಿಪ್ಪಣಿ ಇಷ್ಟೇ:

"ಬಿಲ್ಲಿನಲ್ಲಿ ಒಂದು ಟ್ಯಾಂಕರಿಗೆ ದಿನಕ್ಕೆ 9 ಟ್ರಿಪ್ ತೋರಿಸಲಾಗಿದೆ. ನೀರಿನ ಮೂಲ 7 ಕಿ.ಮೀ. ದೂರದಲ್ಲಿದ್ದು, ಒಂದು ಟ್ರಿಪ್ಪಿಗೆ ಸುಮಾರು ಒಂದೂವರೆ ಗಂಟೆ ಬೇಕಾಗಬಹುದು. ಪಂಪ್‌ಸೆಟ್‌ಗೆ ವಿದ್ಯುತ್ ಪೂರೈಕೆಯ ಅವಧಿ 7 ಗಂಟೆ. ಬಾವಿಯ ಬಳಿ ಸಂಗ್ರಹ ತೊಟ್ಟಿ ಅಥವಾ ಎರಡನೇ ವಾಹನ ಬಳಸಲಾಗಿದೆಯೇ ಎಂಬ ಬಗ್ಗೆ ಸ್ಪಷ್ಟೀಕರಣ ಪಡೆದು ಪಾವತಿಗೆ ಕ್ರಮ ವಹಿಸಬಹುದು. ಆದೇಶಕ್ಕಾಗಿ ಸಲ್ಲಿಸಿದೆ."

ಇದರಲ್ಲಿ ಅವಿಧೇಯತೆ ಎಲ್ಲಿದೆ? ಮೇಲಿನವರು ಒಪ್ಪದಿದ್ದರೆ ಕೆಳಗೆ ಎರಡು ಸಾಲು ಬರೆದು ಪಾವತಿಗೆ ಆದೇಶ ಮಾಡಬಹುದು, ಆ ಅಧಿಕಾರ ಅವರದೇ. ಸ್ವಂತ ವಿವೇಚನೆಗೆ ವಿರುದ್ಧವಾಗಿ ಮೇಲಧಿಕಾರಿಯ ಮಾತಿನಂತೆ ನಡೆಯಬೇಕಾದಾಗ ಆ ನಿರ್ದೇಶನವನ್ನು ಸಾಧ್ಯವಾದಷ್ಟು ಬರವಣಿಗೆಯಲ್ಲಿ ಪಡೆಯಬೇಕು ಎಂಬುದು ನಮ್ಮ ನಡತೆ ನಿಯಮಗಳಲ್ಲಿ ಬಹಳ ಹಿಂದಿನಿಂದ ಇರುವ ಮಾತು. ಬರೆದು ಕೇಳಿದ ಪ್ರಶ್ನೆ, ಬರೆದು ಕೊಟ್ಟ ಉತ್ತರ ಇಬ್ಬರನ್ನೂ ಕಾಯುತ್ತವೆ. ಆಕ್ಷೇಪಣೆ ಬಂದ ದಿನ ಮೇಲಧಿಕಾರಿಯನ್ನೂ ಕಾಯುವುದು ಅದೇ.

ಮಾನ್ಯರೇ, ಇದಕ್ಕೆ ನಿಯಮ ತಿದ್ದುಪಡಿ ಬೇಕಿಲ್ಲ, ಸರ್ಕಾರದ ಆದೇಶಕ್ಕೆ ಕಾಯಬೇಕಿಲ್ಲ. ನಿಮ್ಮ ಒಂದು ಸುತ್ತೋಲೆ ಸಾಕು.

ಕೆಲಸಕ್ಕೆ ಸೇರಿದ ದಿನವೇ ಪ್ರತಿಯೊಬ್ಬರಿಗೂ ಒಂದು ಹಾಳೆ ಕೊಡಿಸಿ. ಘೋಷಣೆಗೆ ಬೇಕಾದ ದಾಖಲೆಗಳು ಯಾವುವು, ಅವುಗಳಲ್ಲಿ ಕಚೇರಿ ತರಿಸಿಕೊಳ್ಳುವುದು ಯಾವುದು, ನೌಕರರೇ ಪೂರೈಸಬೇಕಾದ್ದು ಯಾವುದು ಎಂದು ಅದರಲ್ಲಿರಲಿ. ಪೊಲೀಸ್ ವರದಿಗೆ, ಸಿಂಧುತ್ವಕ್ಕೆ ಪತ್ರ ಬರೆಯುವ ಕೆಲಸ ಮೊದಲ ತಿಂಗಳಲ್ಲೇ ಆಗಲಿ. ಎರಡು ವರ್ಷ ಮುಗಿದ ಮೇಲೆ ಪತ್ರ ಬರೆಯಲು ಶುರು ಮಾಡುವ ಪದ್ಧತಿಯೇ ಅರ್ಧ ಭಯಕ್ಕೆ ಕಾರಣ.

ಆರು ತಿಂಗಳಿಗೊಮ್ಮೆ ಕೆಲಸದ ಬಗ್ಗೆ ಬರವಣಿಗೆಯಲ್ಲಿ ಒಂದು ಪುಟದ ಅಭಿಪ್ರಾಯ ಕೊಡಿಸಿ, ಪ್ರತಿಯನ್ನು ನೌಕರರ ಕೈಗೂ ಕೊಡಿಸಿ. ಸುಮತಿ ಶೇರೆ ತೀರ್ಪಿನ ಆಶಯವೂ ಇದೇ. ಮೂರು ಸಲ "ತೃಪ್ತಿಕರ" ಎಂದು ಬರೆದವರು ನಾಲ್ಕನೇ ಸಲ ಏಕಾಏಕಿ "ತೃಪ್ತಿಕರವಲ್ಲ" ಎಂದು ಬರೆದರೆ, ನಡುವೆ ಏನಾಯಿತೆಂದು ನೀವು ಕೇಳಬಹುದು. ಸಹಕರಿಸುವುದಿಲ್ಲ, ವಿಧೇಯರಲ್ಲ ಎಂಬ ಮಾತು ವರದಿಯಲ್ಲಿ ಬಂದಾಗಲೆಲ್ಲ, ಯಾವ ಕಡತದಲ್ಲಿ, ಯಾವ ಟಿಪ್ಪಣಿಯಿಂದ ಹಾಗೆನಿಸಿತೋ ಅದರ ಪ್ರತಿಯನ್ನು ಲಗತ್ತಿಸಲು ಹೇಳಿ. ಟಿಪ್ಪಣಿ ಓದಿದರೆ ಅದು ಉದ್ಧಟತನವೋ ಕರ್ತವ್ಯವೋ ಎಂಬುದು ನಿಮಗೇ ತಿಳಿಯುತ್ತದೆ.

ಎರಡು ವರ್ಷ ಮುಗಿಯುವ ಎರಡು ತಿಂಗಳ ಮುಂಚೆ ಕಡತ ಮಂಡನೆಯಾಗಲಿ. ದಿನಾಂಕ ದಾಟಿದರೆ, ಯಾವ ಕಾರಣಕ್ಕೆ ಬಾಕಿ ಎಂದು ನೌಕರರಿಗೆ ಒಂದು ಸಾಲಿನ ಲಿಖಿತ ತಿಳಿವಳಿಕೆ ಹೋಗಲಿ. ಕಾರಣ ಬರೆಯಬೇಕಾಗಿ ಬಂದಾಗ, ಬರೆಯಲು ಕಾರಣವೇ ಇಲ್ಲದ ಕಡತಗಳು ತಾವಾಗಿ ಮುಂದೆ ಹೋಗುತ್ತವೆ. ಇದು ನನ್ನ ಅನುಭವದ ಮಾತು.

ಸುತ್ತೋಲೆಗೆ ಸಮಯ ಹಿಡಿಯುವುದಾದರೆ, ಅದಕ್ಕೆ ಮುಂಚೆಯೇ ಮಾಡಬಹುದಾದ್ದು ಒಂದಿದೆ. ಜಿಲ್ಲೆಯ ಆರೂ ತಾಲ್ಲೂಕುಗಳ ಕಚೇರಿಗಳಿಂದ, ಎರಡು ವರ್ಷ ಪೂರೈಸಿಯೂ ಘೋಷಣೆಯಾಗದವರ ಪಟ್ಟಿ ತರಿಸಿ. ಹೆಸರಿನ ಮುಂದೆ ಅವಧಿ ಮುಗಿದ ದಿನಾಂಕ, ಬಾಕಿ ಇರುವ ದಾಖಲೆ, ಅದಕ್ಕಾಗಿ ಕಚೇರಿ ಕೊನೆಯ ಪತ್ರ ಬರೆದ ದಿನಾಂಕ ಇರಲಿ. ಮೂರನೆಯ ಕಾಲಂ ಖಾಲಿ ಇರುವ ಕಡತಗಳನ್ನು ನೀವೇ ತರಿಸಿಕೊಂಡು ನೋಡಿ. ಟ್ಯಾಂಕರ್ ಬಿಲ್ಲಿನ ಆ ಹುಡುಗಿಯ ಹಾಗೆ ನೋಟ್‌ಬುಕ್ಕಿನಲ್ಲೇ ಲೆಕ್ಕ ಹಾಕಿ ಮುಚ್ಚಿಟ್ಟವರು ಆ ಪಟ್ಟಿಯಲ್ಲಿ ಇನ್ನೂ ಇದ್ದಾರೆ. ಅವರನ್ನು ಕರೆದು, ನೀವು ಬರೆದದ್ದು ಘೋಷಣೆಗೆ ಅಡ್ಡ ಬರುವುದಿಲ್ಲ ಎಂದು ನೀವೇ ಬಾಯಾರೆ ಹೇಳಬೇಕೆಂದು, ಮತ್ತು ಅದನ್ನು ಬರವಣಿಗೆಯಲ್ಲೂ ಕೊಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಿಬ್ಬಂದಿ ಶಾಖೆಯ ನಿವೃತ್ತ ಅಧೀಕ್ಷಕ
ಚಿತ್ರದುರ್ಗ